ಜೆಲ್ ವಿಷವೂ ಅಲ್ಲ, ಅಮೃತವೂ ಅಲ್ಲ

ಓಟಗಾರರು ಓಡುತ್ತಲೇ ನುಂಗುವ ಎನರ್ಜಿ ಜೆಲ್ ಬಗ್ಗೆ ಬಂದ ಫಾರ್ವರ್ಡ್: "ರೇಸ್ ದಿನ ಖಾಲಿ ಹೊಟ್ಟೆಯಲ್ಲೇ ಓಡಿ. ಜೆಲ್ ಬರೀ ಕೆಮಿಕಲ್, ಎರಡು ಖರ್ಜೂರ ಸಾಕು."

ಸತ್ಯಾಂಶ: ರಾತ್ರಿ ನಿದ್ದೆಯಲ್ಲಿ ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆ, ಅಂದರೆ ಗ್ಲೈಕೋಜನ್, ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ, ಕರಗುವುದು ಯಕೃತ್ತಿನದು. ಬೆಳಗಿನ ತಿಂಡಿ ತುಂಬಬೇಕಾದದ್ದು ಅದನ್ನೇ. ಹಾಗಾಗಿ ಐದು ಕಿಲೋಮೀಟರ್ ಖಾಲಿ ಹೊಟ್ಟೆಯಲ್ಲಿ ಓಡಬಹುದು. ಎರಡು ಗಂಟೆಯ ಹಾಫ್ ಮ್ಯಾರಥಾನ್ ಬೇರೆ ಮಾತು.

ಓಟ ಬೆಳಿಗ್ಗೆ 5ಕ್ಕೆ, ನಿಮ್ಮ ತೂಕ 60 ಕೆಜಿ ಎಂದುಕೊಳ್ಳಿ. 3:30ಕ್ಕೆ ಎದ್ದು ಜಾಮ್ ಸವರಿದ ಎರಡು ಬ್ರೆಡ್, ಒಂದು ಬಾಳೆಹಣ್ಣು ತಿಂದರೆ ಸುಮಾರು 60 ಗ್ರಾಂ ಕಾರ್ಬೋಹೈಡ್ರೇಟ್ ಸಿಗುತ್ತದೆ. ತೂಕದ ಕೆಜಿಗೆ ಒಂದು ಗ್ರಾಂ, ಅಷ್ಟು ಸಾಕು. ಇಡ್ಲಿಯೂ ಆದೀತು, ಆದರೆ ಕಾಯಿ ಚಟ್ನಿ ಬೇಡ. ಅದರ ಕೊಬ್ಬು ಬೇಗ ಜೀರ್ಣವಾಗದೆ ಹೊಟ್ಟೆಯಲ್ಲೇ ಕೂತುಬಿಡುತ್ತದೆ.

ಜೆಲ್‌ನಲ್ಲಿರುವುದು ಮುಖ್ಯವಾಗಿ ಮಾಲ್ಟೋಡೆಕ್ಸ್‌ಟ್ರಿನ್, ಅಂದರೆ ಪಿಷ್ಟವನ್ನು ಒಡೆದು ತೆಗೆದ ಕಾರ್ಬೋಹೈಡ್ರೇಟ್, ಪೊಟ್ಟಣಕ್ಕೆ 20–25 ಗ್ರಾಂ. ಸಣ್ಣ ಖರ್ಜೂರದಲ್ಲಿ ಐದಾರು ಗ್ರಾಂ ಮಾತ್ರ. ಒಂದು ಜೆಲ್‌ಗೆ ನಾಲ್ಕು ಬೇಕು, ಏದುಸಿರಲ್ಲಿ ಅಗಿಯಲೂಬೇಕು, ಜೊತೆಗೆ ನಾರು. ಕೆಲವರಿಗೆ ಅದೇ ಶೌಚಾಲಯ ಹುಡುಕಿಸುತ್ತದೆ. ಅಗಿಯುವುದು ಒಗ್ಗಿದವರಿಗೆ ಖರ್ಜೂರವೇ ಅಗ್ಗ, ನನ್ನ ಆಯ್ಕೆಯೂ ಅದೇ.

ಜೆಲ್ ನುಂಗಿದ ಮೇಲೆ ನೀರನ್ನೇ ಕುಡಿಯಿರಿ. ಸ್ಪೋರ್ಟ್ಸ್ ಡ್ರಿಂಕ್ ಸೇರಿದರೆ ಸಕ್ಕರೆ ವಿಪರೀತವಾಗಿ ಹೊಟ್ಟೆ ತೊಳಸುತ್ತದೆ.