ಟೀಕೆ ಮಾಡಲು ಕಂಪನಿಯ ಲೋಗೋ ತಿರುಚಬಹುದೇ? ಪರ – ವಿರೋಧ

ಪರ: ತಿರುಚುವುದೇ ಟೀಕೆಯಾಗಿರುವಾಗ ತಡೆಯಬಾರದು

ಒಡಿಶಾದ ಧಾಮ್ರಾ ಬಂದರಿನಿಂದ ಆಲಿವ್ ರಿಡ್ಲಿ ಆಮೆಗಳಿಗೆ ಕುತ್ತು ಎಂದು ಪರಿಸರ ಸಂಘಟನೆಯಾದ ಗ್ರೀನ್‌ಪೀಸ್ ಹೇಳುತ್ತಿತ್ತು. ಆ ಬಂದರಿನಲ್ಲಿ ಆಗ ಟಾಟಾ ಸ್ಟೀಲ್‌ಗೆ ಪಾಲಿತ್ತು. 2010ರಲ್ಲಿ ಗ್ರೀನ್‌ಪೀಸ್ ‘ಟರ್ಟಲ್ ವರ್ಸಸ್ ಟಾಟಾ’ ಎಂಬ ಆನ್‌ಲೈನ್ ಆಟವನ್ನು ಬಿಟ್ಟಿತು. ಪ್ಯಾಕ್‌ಮ್ಯಾನ್ ಮಾದರಿಯ ಆಟ ಅದು. ಆಮೆ ಚುಕ್ಕಿಗಳನ್ನು ತಿನ್ನುತ್ತ ಓಡಬೇಕು, ಟಾಟಾ ಹೆಸರಿನ ಭೂತಗಳ ಕೈಗೆ ಸಿಗಬಾರದು. ವೃತ್ತದೊಳಗಿನ ‘ಟಿ’ ಲೋಗೋ ಕೂಡ ಅದರಲ್ಲಿತ್ತು. ಟಾಟಾ ಸನ್ಸ್ ದೆಹಲಿ ಹೈಕೋರ್ಟಿಗೆ ಹೋಗಿ 10 ಕೋಟಿ ರೂಪಾಯಿ ಪರಿಹಾರವನ್ನೂ ಆಟಕ್ಕೆ ತಡೆಯನ್ನೂ ಕೇಳಿತು. 2011ರ ಜನವರಿಯಲ್ಲಿ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಮಧ್ಯಂತರ ತಡೆಯಾಜ್ಞೆ ಕೊಡಲು ಒಪ್ಪಲಿಲ್ಲ.

ಯಾಕೆ ಒಪ್ಪಲಿಲ್ಲ ಎಂಬುದೇ ಇಲ್ಲಿ ಮುಖ್ಯ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 29(4)ನೇ ಸೆಕ್ಷನ್ ಹೆಸರಾಂತ ಗುರುತುಗಳಿಗೆ ಹೆಚ್ಚಿನ ರಕ್ಷಣೆ ಕೊಡುತ್ತದೆ. ಬಳಸಿದವನು ಬೇರೆಯದೇ ವ್ಯಾಪಾರದಲ್ಲಿದ್ದರೂ ಅವನ ಮೇಲೆ ದಾವೆ ಹೂಡಬಹುದು. ಆದರೆ ಆ ಬಳಕೆ ವ್ಯಾಪಾರದ ಭಾಗವಾಗಿರಬೇಕು, ತಕ್ಕ ಕಾರಣವಿಲ್ಲದೆ ನಡೆದಿರಬೇಕು, ಅದರಿಂದ ಗುರುತಿನ ವೈಶಿಷ್ಟ್ಯಕ್ಕೋ ಹೆಸರಿಗೋ ಪೆಟ್ಟು ಬೀಳಬೇಕು ಅಥವಾ ಬಳಸಿದವನಿಗೆ ಅನ್ಯಾಯದ ಲಾಭವಾಗಬೇಕು. ಗುರುತನ್ನೇ ಟೀಕೆಯ ಗುರಿಯಾಗಿ ಇಟ್ಟುಕೊಂಡ ಮಾತ್ರಕ್ಕೆ ಉಲ್ಲಂಘನೆಯಾಗುವುದಿಲ್ಲ, ಟೀಕೆಯೂ ತಕ್ಕ ಕಾರಣವಾಗಬಹುದು ಎಂಬ ನಿಲುವಿಗೆ ಕೋರ್ಟು ಬಂತು. ಆಮೆಯ ಆಟ ನೋಡಿ ‘ಇದು ಟಾಟಾದವರೇ ತಂದ ಆಟ’ ಎಂದು ನಂಬುವವರು ಯಾರೂ ಇಲ್ಲ.

ಫ್ರಾನ್ಸಿನಲ್ಲೂ ಇದೇ ಹಾದಿ. ಎಸ್ಸೊ ತೈಲ ಕಂಪನಿಯ ಹೆಸರಿನ ನಡುವಿನ ಎರಡು ‘ಎಸ್’ಗಳ ಜಾಗದಲ್ಲಿ ಡಾಲರ್ ಚಿಹ್ನೆ ಕೂರಿಸಿ ಗ್ರೀನ್‌ಪೀಸ್ E$$O ಎಂದು ಬರೆಯಿತು. 2002ರಲ್ಲಿ ತಡೆ ಬಿತ್ತು, 2003ರಲ್ಲಿ ಪ್ಯಾರಿಸ್ಸಿನ ಮೇಲ್ಮನವಿ ನ್ಯಾಯಾಲಯ ಅದನ್ನು ತೆಗೆದುಹಾಕಿತು. ಈ ಕೆಲಸದ ಕಸುಬುದಾರಿಕೆ ಗಮನಿಸಿ: ಬದಲಾದದ್ದು ಎರಡೇ ಅಕ್ಷರ. ಮೂಲ ಯಾವುದೆಂದು ಥಟ್ಟನೆ ಗೊತ್ತಾಗುತ್ತದೆ, ಇದು ಮೂಲವಲ್ಲ ಎಂಬುದೂ ಅಷ್ಟೇ ಬೇಗ ಗೊತ್ತಾಗುತ್ತದೆ.

ಚಿತ್ರ ಮಾಡುವವರಿಗೆ ಅಳತೆಗೋಲು ಇಲ್ಲೇ ಸಿಗುತ್ತದೆ. ಟೀಕೆ ಲೋಗೋದ ಒಳಗೇ ಇರಲಿ, ಕೆಳಗಿನ ಒಕ್ಕಣೆಯಲ್ಲಲ್ಲ. ಯಾರಾದರೂ ಕ್ರಾಪ್ ಮಾಡಿ ಕಳಿಸಿದರೆ ಮೊದಲು ಹೋಗುವುದೇ ಒಕ್ಕಣೆ, ಮೂಲೆಯಲ್ಲಿ ಸಣ್ಣದಾಗಿ ಬರೆದ ‘ವ್ಯಂಗ್ಯ’ ಎಂಬ ಪದವೂ ಅದರ ಹಿಂದೆಯೇ ಹೋಗುತ್ತದೆ. ಚಿತ್ರವನ್ನು ಮೊಬೈಲಿನಲ್ಲಿ ಹೆಬ್ಬೆರಳಿನ ಉಗುರಿನಷ್ಟು ಕುಗ್ಗಿಸಿ ನೋಡಿ. ತಿರುಚಿದ ಭಾಗ ಆಗಲೂ ಕಾಣದಿದ್ದರೆ ಅಕ್ಷರದ ಆಕಾರವನ್ನೋ ಬಣ್ಣವನ್ನೋ ಇನ್ನಷ್ಟು ಬದಲಿಸಬೇಕು. ® ಗುರುತು, ಕಂಪನಿಯ ಗ್ರಾಹಕ ಸೇವಾ ಸಂಖ್ಯೆ, ವೆಬ್ ವಿಳಾಸ ಇವನ್ನು ಅಳಿಸಿಬಿಡಿ. ಅವು ಉಳಿದರೆ ಚಿತ್ರ ಅಧಿಕೃತ ಪ್ರಕಟಣೆಯ ವೇಷ ಹಾಕಿದಂತಾಗುತ್ತದೆ. ವೇಷಕ್ಕೆ ಟೀಕೆಯ ರಕ್ಷಣೆ ಕೇಳಲು ಬರುವುದಿಲ್ಲ.

ದುಡ್ಡು ಬಂದ ಕೂಡಲೇ ಹಕ್ಕು ಹೋಯಿತು ಎನ್ನುವವರು ದಕ್ಷಿಣ ಆಫ್ರಿಕಾದ 2005ರ ತೀರ್ಪು ನೋಡಬೇಕು. ಕಾರ್ಲಿಂಗ್ ಬಿಯರಿನ ‘ಬ್ಲ್ಯಾಕ್ ಲೇಬಲ್’ ಅನ್ನು ‘ಬ್ಲ್ಯಾಕ್ ಲೇಬರ್’ ಎಂದೂ ಅದರ ಕೆಳಗೆ ‘ವೈಟ್ ಗಿಲ್ಟ್’ ಎಂದೂ ಬದಲಿಸಿ ಸಣ್ಣ ಸಂಸ್ಥೆಯೊಂದು ಟೀ ಶರ್ಟಿನ ಮೇಲೆ ಅಚ್ಚು ಹಾಕಿ ಮಾರಿತ್ತು. ಕೆಳ ನ್ಯಾಯಾಲಯಗಳಲ್ಲಿ ಸೋತ ಆ ಸಂಸ್ಥೆಗೆ ಸಾಂವಿಧಾನಿಕ ನ್ಯಾಯಾಲಯದಲ್ಲಿ ಗೆಲುವಾಯಿತು. ಮಾರುಕಟ್ಟೆಯಲ್ಲಿ ನಿಜವಾಗಿ ನಷ್ಟವಾಗುವ ಸಾಧ್ಯತೆಯನ್ನು ಬಿಯರ್ ಕಂಪನಿ ತೋರಿಸಿಕೊಟ್ಟಿರಲಿಲ್ಲ. ಕೋಟಿಗಟ್ಟಲೆ ಸುರಿದು ಲೋಗೋವನ್ನು ನಮ್ಮ ಕಣ್ಣ ಮುಂದೆ ತಂದು ನಿಲ್ಲಿಸುವವರು, ನಾವು ಅದರತ್ತ ಬೆರಳು ತೋರಿಸಿದಾಗ ಮಾತ್ರ ‘ಅದು ನಮ್ಮ ಖಾಸಗಿ ಸ್ವತ್ತು’ ಎನ್ನುವುದು ಸರಿಯಲ್ಲ.

ವಿರೋಧ: ಹೆಸರು ಸಾಕು, ಲೋಗೋ ಮುಟ್ಟಬೇಡಿ

ಟಾಟಾ ಪ್ರಕರಣವನ್ನು ಎಲ್ಲರೂ ಎತ್ತುತ್ತಾರೆ. ಅದು ಮಧ್ಯಂತರ ಹಂತದ ಆದೇಶ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ವಿಚಾರಣೆ ಮುಗಿಯುವ ಮುನ್ನ ಆಟವನ್ನು ನಿಲ್ಲಿಸಬೇಕೇ ಎಂಬುದಷ್ಟೇ ಅಲ್ಲಿನ ಪ್ರಶ್ನೆ. ಅದನ್ನು ಹಿಡಿದುಕೊಂಡು ‘ಭಾರತದಲ್ಲಿ ಲೋಗೋ ವ್ಯಂಗ್ಯ ಕಾನೂನುಬದ್ಧ’ ಎನ್ನುವುದು ಅವಸರದ ಮಾತು. ಗ್ರೀನ್‌ಪೀಸ್‌ಗೆ ವಕೀಲರಿದ್ದರು. ಊರ ಕೆರೆಗೆ ಕೊಳಕು ನೀರು ಬಿಟ್ಟ ಕಾರ್ಖಾನೆಯ ಲೋಗೋ ತಿರುಚಿ ಸ್ಟೇಟಸ್ ಹಾಕುವ ಹುಡುಗನಿಗೆ ಯಾರಿದ್ದಾರೆ?

ಟ್ರೇಡ್‌ಮಾರ್ಕ್ ಒಂದನ್ನೇ ನೋಡಿದವರ ಕಣ್ಣಿಗೆ ಕಾಪಿರೈಟ್ ಬೀಳುವುದಿಲ್ಲ. ಚಿತ್ರವಿರುವ ಲೋಗೋ 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಕಲಾಕೃತಿಯೂ ಹೌದು. ಆ ಕಾಯ್ದೆಯ 52(1)(ಎ) ಸೆಕ್ಷನ್ ಕೊಡುವ ವಿನಾಯಿತಿ ಟೀಕೆ-ವಿಮರ್ಶೆಗೆ ಇದೆ, ನಿಜ. ಆದರೆ ಯಾವುದರ ಟೀಕೆ? ‘ಆ ಕೃತಿಯ ಅಥವಾ ಬೇರೊಂದು ಕೃತಿಯ’ ಟೀಕೆ ಎಂದು ಅಲ್ಲಿ ಸ್ಪಷ್ಟವಾಗಿದೆ. ಕೆರೆ ಹಾಳಾದದ್ದನ್ನು ಹೇಳುವಾಗ ನಾವು ಟೀಕಿಸುತ್ತಿರುವುದು ಕಾರ್ಖಾನೆಯನ್ನು, ಅದರ ಲೋಗೋದ ರೇಖೆಗಳನ್ನಲ್ಲ. ವ್ಯಂಗ್ಯಾನುಕರಣೆ ಎಂಬ ಪ್ರತ್ಯೇಕ ವಿನಾಯಿತಿ ನಮ್ಮ ಕಾಯ್ದೆಯಲ್ಲಿ ಇಲ್ಲ. ಇನ್ನು, ಹಕ್ಕುದಾರರ ಲಿಖಿತ ದೂರು ಬಂದರೆ ಜಾಲತಾಣ 36 ಗಂಟೆಯೊಳಗೆ ಆ ಚಿತ್ರವನ್ನು ಮರೆಮಾಡುವುದಕ್ಕೂ, 21 ದಿನದೊಳಗೆ ಕೋರ್ಟಿನ ಆದೇಶ ಬರದಿದ್ದರೆ ಮರಳಿ ತೋರಿಸುವುದಕ್ಕೂ ಕಾಪಿರೈಟ್ ನಿಯಮಗಳಲ್ಲಿ ದಾರಿಯಿದೆ. ಮೂರು ವಾರ ಕಳೆದ ಮೇಲೆ ಚಿತ್ರ ಮರಳಿದರೂ ಆ ವಿಷಯದ ಕಾವು ಆರಿಹೋಗಿರುತ್ತದೆ.

ಎದುರು ಪಕ್ಷದವರು ಟೀ ಶರ್ಟಿನ ಗೆಲುವನ್ನು ಹೇಳಿದರು. ನಾಯಿ ಆಟಿಕೆಯ ಸೋಲನ್ನೂ ಹೇಳಬೇಕು. ಜಾಕ್ ಡೇನಿಯಲ್ಸ್ ವಿಸ್ಕಿ ಬಾಟಲಿಯ ಆಕಾರದಲ್ಲೇ ‘ಬ್ಯಾಡ್ ಸ್ಪೇನಿಯಲ್ಸ್’ ಎಂಬ ಕಿರುಗುಟ್ಟುವ ಆಟಿಕೆ ಬಂತು, ಅದರ ಲೇಬಲ್ಲಿನ ತುಂಬ ನಾಯಿ ಹೇಲಿನ ತಮಾಷೆ. ತಮಾಷೆಯ ಗುರುತನ್ನೇ ನಿಮ್ಮ ಸರಕಿನ ಗುರುತಾಗಿಯೂ ಬಳಸಿದರೆ ವಾಕ್ ಸ್ವಾತಂತ್ರ್ಯದ ವಿಶೇಷ ರಕ್ಷಣೆ ಸಿಗುವುದಿಲ್ಲ, ಮಾಮೂಲಿ ಟ್ರೇಡ್‌ಮಾರ್ಕ್ ಪರೀಕ್ಷೆಯೇ ಅನ್ವಯಿಸುತ್ತದೆ ಎಂದು 2023ರ ಜೂನಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಹೇಳಿತು. ಇಲ್ಲಿಯೂ ತಿರುಚಿದ ಲೋಗೋವನ್ನು ಪುಟದ ಪ್ರೊಫೈಲ್ ಚಿತ್ರ ಮಾಡಿಕೊಂಡು, ಅದೇ ಪುಟದಲ್ಲಿ ಜಾಹೀರಾತು ಹಾಕಿ, ಸ್ಟಿಕರ್ ಮಾರತೊಡಗಿದವನು ‘ನಾನು ವ್ಯಾಪಾರಿಯಲ್ಲ’ ಎಂದು ಹೇಳುವುದು ಕಷ್ಟ.

ಇವೆಲ್ಲಕ್ಕಿಂತ ನನಗೆ ಹೆಚ್ಚು ಅಳುಕು ಹುಟ್ಟಿಸುವುದು ಲೋಗೋದ ಆಕಾರ ಬದಲಿಸದೆ ಜಾಗ ಬದಲಿಸುವ ಚಿತ್ರಗಳು. ಸತ್ತ ಮೀನುಗಳ ಫೋಟೋ ಎಲ್ಲಿಂದಲೋ ತಂದು ಹಿನ್ನೆಲೆಯ ಗೋಡೆಗೆ ಕಾರ್ಖಾನೆಯ ಲೋಗೋ ಅಂಟಿಸುತ್ತಾರೆ. ನೆರಳು, ಕೋನ, ಗೋಡೆಯ ಒರಟುತನ ಎಲ್ಲ ಹೊಂದುವಂತೆ ಕೂರಿಸುತ್ತಾರೆ. ಎಡಿಟಿಂಗ್ ಚೆನ್ನಾಗಿ ಬಂದಷ್ಟೂ ಅದು ವ್ಯಂಗ್ಯವಾಗಿ ಉಳಿಯದೆ ಸಾಕ್ಷ್ಯದ ಹಾಗೆ ಕಾಣತೊಡಗುತ್ತದೆ. ಆ ಮೀನು ಆ ಕಾರ್ಖಾನೆಯಿಂದ ಸತ್ತಿಲ್ಲವೆಂದರೆ ಅದು ಸುಳ್ಳು ಆರೋಪ. ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಕಂಪನಿಯ ಮೇಲಿನ ಆರೋಪವೂ ಮಾನನಷ್ಟವಾಗಬಹುದು ಎನ್ನುತ್ತದೆ, ಶಿಕ್ಷೆ ಎರಡು ವರ್ಷದವರೆಗಿನ ಸಾದಾ ಸಜೆಯನ್ನೂ ಮುಟ್ಟಬಹುದು. ಕಾನೂನನ್ನು ಬದಿಗಿಟ್ಟರೂ, ಅದೇ ಲೋಗೋ ಇರುವ ಸಮವಸ್ತ್ರ ತೊಟ್ಟು ಬಸ್ಸಿಗೆ ಕಾಯುವ ಪಾಳಿ ಕೆಲಸಗಾರನಿಗೆ ಬೈಗುಳ ಬೀಳುತ್ತದೆಯೇ ಹೊರತು ನಿರ್ದೇಶಕ ಮಂಡಳಿಗೆ ಬೀಳುವುದಿಲ್ಲ.

ಹಾಗಾದರೆ ಟೀಕೆ ಬಿಡಬೇಕೇ? ಬೇಡ. ಕೆರೆಯ ನಿಜವಾದ ಫೋಟೋ ಹಾಕಿ, ತೆಗೆದ ದಿನ ಮತ್ತು ಜಾಗವನ್ನು ಅದರ ಮೇಲೇ ಬರೆಯಿರಿ, ನೀರಿನ ಪರೀಕ್ಷಾ ವರದಿ ಇದ್ದರೆ ಅದರ ಪುಟವನ್ನೂ ಸೇರಿಸಿ. ಕಾರ್ಖಾನೆಯ ಹೆಸರನ್ನು ಸಾದಾ ಅಕ್ಷರದಲ್ಲಿ, ಅವರ ಬಣ್ಣ ಮತ್ತು ಅಕ್ಷರ ವಿನ್ಯಾಸ ಬಳಸದೆ ಬರೆಯಿರಿ. ಬರಿಯ ಹೆಸರು ಕಲಾಕೃತಿಯಲ್ಲವಾದ್ದರಿಂದ ಕಾಪಿರೈಟ್ ದೂರಿಗೆ ಹಿಡಿಕೆ ಸಿಗುವುದಿಲ್ಲ. ಯಾರ ಬಗ್ಗೆ ಮಾತಾಡುತ್ತಿದ್ದೇವೆ ಎಂದು ಹೇಳುವಷ್ಟಕ್ಕೆ ಹೆಸರು ಬಳಸಿದರೆ ಟ್ರೇಡ್‌ಮಾರ್ಕ್ ವಾದವೂ ಬಡಕಲಾಗುತ್ತದೆ. ಆಮೇಲೆ ಕಂಪನಿಗೆ ಉಳಿಯುವುದು ಒಂದೇ ಪ್ರಶ್ನೆ: ಆ ನೀರು ನಿಮ್ಮದೋ ಅಲ್ಲವೋ.