ಮುಂಗುಸಿಯ ಕಥೆಯನ್ನು ಐದಾರು ವಾಕ್ಯಕ್ಕೆ ಇಳಿಸುವಾಗ ಏನನ್ನು ಉಳಿಸಬೇಕು

ನಮ್ಮ ಕೊಪ್ಪಳ ತಾಲ್ಲೂಕಿನ ಶಾಲೆಯೊಂದರ ಗೋಡೆ ಪತ್ರಿಕೆಗೆ ಮಕ್ಕಳು ಮನೆಯ ಹಿರಿಯರಿಂದ ಕೇಳಿದ ಕಥೆಗಳನ್ನು ಬರೆದು ತರುತ್ತಾರೆ. ಒಂದು ಕಥೆಗೆ ಅರ್ಧ ಹಾಳೆಯಷ್ಟೇ ಜಾಗ. ಅಕ್ಷರ ದಪ್ಪಗಿರಬೇಕಾದ್ದರಿಂದ ಐದಾರು ವಾಕ್ಯಗಳಿಗಿಂತ ಹೆಚ್ಚು ಹಿಡಿಸುವುದಿಲ್ಲ. ಕಥೆಯ ಕೊನೆಗೆ ಹೇಳಿದವರು ಹೇಳಿದ ನೀತಿ ಇರಲೇಬೇಕೆಂಬುದು ನಾವು ಹಾಕಿಕೊಂಡಿರುವ ನಿಯಮ. ಈ ಹಾಳೆಗಳನ್ನು ತಿದ್ದುತ್ತ ಬಂದಂತೆ ನನಗೆ ಒಂದು ಅಭಿಪ್ರಾಯ ಗಟ್ಟಿಯಾಗಿದೆ. ಮಕ್ಕಳೂ, ಅವರಿಗೆ ಕಲಿಸುವ ನಾವೂ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಸಮನಾಗಿ ಕತ್ತರಿಸುತ್ತೇವೆ, ಆಮೇಲೆ ನೀತಿಯನ್ನು ತಂದು ಕೆಳಗೆ ಅಂಟಿಸುತ್ತೇವೆ. ಹೀಗೆ ಮಾಡಿದಾಗ ಕಥೆ ಒಂದು ಹೇಳುತ್ತದೆ, ನೀತಿ ಇನ್ನೊಂದು ಹೇಳುತ್ತದೆ. ಕತ್ತರಿಸುವ ಕೆಲಸವನ್ನು ನೀತಿಯ ಕಡೆಯಿಂದ ಹಿಂದಕ್ಕೆ ಮಾಡಿಕೊಂಡು ಬರಬೇಕು ಎನ್ನುವುದು ನನ್ನ ವಾದ. ಎಲ್ಲರಿಗೂ ಗೊತ್ತಿರುವ ಮುಂಗುಸಿಯ ಕಥೆಯೊಂದನ್ನೇ ಹಿಡಿದು ಇದನ್ನು ವಿವರಿಸುತ್ತೇನೆ.

ಕಥೆ ನಮ್ಮ ಕಡೆ ಹೇಳುವ ರೀತಿ ಹೀಗಿದೆ. ಒಬ್ಬ ಹೆಣ್ಣುಮಗಳು ತಾನು ಹೆತ್ತ ಕೂಸಿನ ಜೊತೆಯಲ್ಲಿ ಒಂದು ಮುಂಗುಸಿಯ ಮರಿಯನ್ನೂ ಸಾಕುತ್ತಾಳೆ. ಕೂಸಿಗೆ ಹಾಲು ಕುಡಿಸುವಾಗ ಅದಕ್ಕೂ ಹಾಲು ಹಾಕುತ್ತಾಳೆ, ಆದರೆ ಎಷ್ಟಾದರೂ ಕಾಡುಪ್ರಾಣಿ ಎಂಬ ಅಳುಕು ಅವಳ ಮನಸ್ಸಿನಿಂದ ಹೋಗಿರುವುದಿಲ್ಲ. ಒಂದು ದಿನ ಕೂಸನ್ನು ತೊಟ್ಟಿಲಲ್ಲಿ ಮಲಗಿಸಿ, ನೋಡಿಕೊಳ್ಳಲು ಗಂಡನಿಗೆ ಹೇಳಿ, ಕೊಡ ತೆಗೆದುಕೊಂಡು ಬಾವಿಗೆ ಹೋಗುತ್ತಾಳೆ. ಗಂಡನಿಗೂ ಏನೋ ಕೆಲಸ ಬಂದು ಅವನೂ ಹೊರಗೆ ಹೋಗುತ್ತಾನೆ. ಆಗ ಹಾವೊಂದು ತೊಟ್ಟಿಲಿನ ಕಡೆಗೆ ಬರುತ್ತದೆ. ಮುಂಗುಸಿ ಅದರ ಮೇಲೆ ಬಿದ್ದು, ಕಾದಾಡಿ, ತುಂಡುತುಂಡು ಮಾಡಿ ಹಾಕುತ್ತದೆ. ತಾಯಿ ಬರುವ ಸದ್ದು ಕೇಳಿ, ಬಾಯಿಗೆ ಮೆತ್ತಿದ ರಕ್ತದೊಂದಿಗೇ ಹೊಸ್ತಿಲಿಗೆ ಓಡುತ್ತದೆ. ರಕ್ತವನ್ನು ಕಂಡ ತಾಯಿ ಇದು ನನ್ನ ಕೂಸನ್ನೇ ತಿಂದಿದೆ ಎಂದುಕೊಂಡು ತಲೆಯ ಮೇಲಿನ ತುಂಬಿದ ಕೊಡವನ್ನು ಅದರ ಮೇಲೆ ಎತ್ತಿಹಾಕುತ್ತಾಳೆ. ಒಳಗೆ ಹೋಗಿ ನೋಡಿದರೆ ಕೂಸು ಹಾಯಾಗಿ ಮಲಗಿದೆ, ತೊಟ್ಟಿಲಿನ ಕೆಳಗೆ ಹಾವು ಸತ್ತುಬಿದ್ದಿದೆ. ಇಷ್ಟಾದ ಮೇಲೆ ಅಜ್ಜಿಯರು ಎದೆ ಎದೆ ಬಡಿದುಕೊಂಡು ಅತ್ತದ್ದನ್ನು ಸ್ವಲ್ಪ ಹೊತ್ತು ವರ್ಣಿಸಿ, ‘ಕಣ್ಣೀಲೆ ಕಂಡ್ರೂ ಪ್ರಮಾಣಿಸಿ ನೋಡಬೇಕು ನೋಡವ್ವಾ’ ಎಂದು ಮುಗಿಸುತ್ತಾರೆ.

ಇದನ್ನು ಒಬ್ಬ ಹುಡುಗಿ ಹೀಗೆ ಚಿಕ್ಕದು ಮಾಡಿದ್ದಳು: ‘ಒಬ್ಬ ತಾಯಿ ಒಂದು ಮುಂಗುಸಿಯನ್ನು ಪ್ರೀತಿಯಿಂದ ಸಾಕಿದ್ದಳು. ಅವಳ ಕೂಸು ಕಿನ್ನಾಳದ ಬಣ್ಣದ ತೊಟ್ಟಿಲಲ್ಲಿ ಮಲಗಿತ್ತು. ಅವಳು ನೀರಿಗೆ ಹೋದಾಗ ಹಾವು ಬಂತು, ಮುಂಗುಸಿ ಅದನ್ನು ಕೊಂದು ಕೂಸನ್ನು ಕಾಪಾಡಿತು. ಆದರೆ ತಾಯಿ ಸಿಟ್ಟಿನಲ್ಲಿ ಮುಂಗುಸಿಯನ್ನು ಕೊಂದಳು. ಆಮೇಲೆ ಬಹಳ ಅತ್ತಳು. ನೀತಿ: ಕಣ್ಣಾರೆ ಕಂಡರೂ ಪ್ರಮಾಣಿಸಿ ನೋಡಬೇಕು.’

ಭಾಷೆ ಚೆನ್ನಾಗಿದೆ, ಕಿನ್ನಾಳದ ತೊಟ್ಟಿಲಂತೂ ನನಗೆ ತುಂಬ ಇಷ್ಟವಾಯಿತು. ಆದರೆ ನೀತಿಯ ಸಾಲಿನ ಮೇಲೆ ಕೈಯಿಟ್ಟು ಮುಚ್ಚಿ, ಈ ಕಥೆಯನ್ನು ಮೊದಲು ಕೇಳಿರದ ಇನ್ನೊಂದು ತರಗತಿಯ ಮಕ್ಕಳಿಗೆ ಓದಿ, ಇದರಿಂದ ತಿಳಿಯುವುದೇನು ಎಂದು ಕೇಳಿದರೆ, ‘ಸಿಟ್ಟು ಮಾಡಬಾರದು’ ಎನ್ನುತ್ತಾರೆ. ಕೆಲವರು ‘ಪ್ರಾಣಿಗಳಿಗೆ ಮನುಷ್ಯರಿಗಿಂತ ನಿಯತ್ತು ಜಾಸ್ತಿ’ ಎನ್ನುತ್ತಾರೆ. ಅವರದು ತಪ್ಪಲ್ಲ. ಈ ಐದು ವಾಕ್ಯಗಳಲ್ಲಿ ಇರುವುದು ಅಷ್ಟೇ. ಕಣ್ಣಾರೆ ಕಂಡರೂ ಎಂದು ನೀತಿ ಹೇಳುತ್ತದೆ, ಆದರೆ ತಾಯಿ ಕಂಡದ್ದೇನು ಎಂಬುದು ಸಾರಾಂಶದಲ್ಲಿ ಎಲ್ಲಿಯೂ ಬಂದಿಲ್ಲ. ಪ್ರಮಾಣಿಸಿ ನೋಡಬೇಕು ಎನ್ನುತ್ತದೆ, ಆದರೆ ಅವಳು ನೋಡದೆ ಬಿಟ್ಟದ್ದು ಯಾವುದು ಎಂಬುದೂ ಇಲ್ಲ. ಮುಂಗುಸಿಯ ಬಾಯಿಯ ರಕ್ತವನ್ನು ತೆಗೆದುಹಾಕಿದ ಮೇಲೆ ತಾಯಿ ಕಾರಣವಿಲ್ಲದೆ ಕೊಂದ ಕೋಪಿಷ್ಠೆಯಾಗಿ ಕಾಣುತ್ತಾಳೆ. ಕೋಪದ ಕಥೆಗೆ ನಮ್ಮಲ್ಲಿ ಬೇರೆಯೇ ಗಾದೆ ಇದೆ, ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂದು. ಅಜ್ಜಿ ಆ ಗಾದೆಯನ್ನು ಬಿಟ್ಟು ಈ ಗಾದೆಯನ್ನು ಹೇಳಿದ್ದಾಳೆಂದರೆ, ಅವಳ ಕಥೆಯಲ್ಲಿ ಮುಖ್ಯವಾದದ್ದು ಸಿಟ್ಟಲ್ಲ, ಕಂಡದ್ದನ್ನು ತಪ್ಪಾಗಿ ಓದಿಕೊಂಡದ್ದು.

ಆದ್ದರಿಂದ ನಾನು ಮಕ್ಕಳಿಗೆ ಮೊದಲು ಹಾಳೆಯ ಕೆಳಗಡೆ ನೀತಿಯನ್ನು ಬರೆಯಲು ಹೇಳುತ್ತೇನೆ, ಹೇಳಿದವರ ಬಾಯಿಯಿಂದ ಬಂದ ಹಾಗೆಯೇ. ಆಮೇಲೆ ಆ ನೀತಿಯನ್ನೇ ಪ್ರಶ್ನೆ ಮಾಡಬೇಕು. ಅವಳು ಏನನ್ನು ಕಂಡಳು? ಬಾಯಿಗೆ ಮೆತ್ತಿದ ರಕ್ತ. ಅದರಿಂದ ಏನೆಂದು ತಿಳಿದಳು? ಕೂಸು ಸತ್ತಿತೆಂದು. ಪ್ರಮಾಣಿಸಿ ನೋಡಲು ಅವಕಾಶವಿತ್ತೇ? ಇತ್ತು, ಹೊಸ್ತಿಲು ದಾಟಿ ನಾಲ್ಕು ಹೆಜ್ಜೆ ಇಟ್ಟಿದ್ದರೆ ತೊಟ್ಟಿಲು ಕಾಣುತ್ತಿತ್ತು. ನಿಜ ಏನಾಗಿತ್ತು? ರಕ್ತ ಹಾವಿನದು. ಈ ಉತ್ತರಗಳು ಸಾರಾಂಶದಲ್ಲಿ ಇರಲೇಬೇಕು, ಉಳಿದದ್ದೆಲ್ಲ ಜಾಗ ಉಳಿದರೆ ಮಾತ್ರ. ತೊಟ್ಟಿಲಿನ ಬಣ್ಣ, ಹಾವಿನ ಜೊತೆ ನಡೆದ ಕಾದಾಟ, ಕೊನೆಯ ಅಳು, ಇವು ಕಥೆ ಕೇಳುವವರನ್ನು ಕೂರಿಸಿ ಹಿಡಿದಿಡುವಂಥವು, ಅಜ್ಜಿಯ ಕಲೆಯೆಲ್ಲ ಇರುವುದೇ ಅಲ್ಲಿ. ಆದರೆ ಸಾರಾಂಶಕ್ಕೆ ಅವು ಬೇಕಾಗುವುದಿಲ್ಲ. ಕಿನ್ನಾಳದ ತೊಟ್ಟಿಲನ್ನು ಹೊಡೆದುಹಾಕುವಾಗ ನನಗೂ ಹೊಟ್ಟೆ ಚುರುಕ್ ಎಂದಿತು, ಆದರೂ ಹೊಡೆದುಹಾಕಿದೆ.

ತಿದ್ದಿದ ಮೇಲೆ ಆದದ್ದು ಇದು: ‘ಒಬ್ಬ ತಾಯಿ ತನ್ನ ಕೂಸಿನ ಜೊತೆಗೆ ಒಂದು ಮುಂಗುಸಿಯನ್ನು ಸಾಕಿದ್ದಳು, ಆದರೆ ಅದರ ಮೇಲೆ ಅವಳಿಗೆ ಪೂರ್ತಿ ನಂಬಿಕೆ ಇರಲಿಲ್ಲ. ಅವಳು ನೀರಿಗೆ ಹೋದಾಗ ತೊಟ್ಟಿಲಿನ ಹತ್ತಿರ ಬಂದ ಹಾವನ್ನು ಮುಂಗುಸಿ ಕೊಂದುಹಾಕಿ, ತಾಯಿ ಬಂದೊಡನೆ ರಕ್ತ ಮೆತ್ತಿದ ಬಾಯಿಯಲ್ಲೇ ಹೊಸ್ತಿಲಿಗೆ ಓಡಿತು. ಆ ರಕ್ತವನ್ನು ಕಂಡು ತನ್ನ ಕೂಸನ್ನೇ ಕೊಂದಿದೆಯೆಂದು ತಿಳಿದ ತಾಯಿ, ಒಳಗೆ ಹೋಗಿ ನೋಡದೆ, ತುಂಬಿದ ಕೊಡವನ್ನು ಅದರ ಮೇಲೆ ಎತ್ತಿಹಾಕಿ ಕೊಂದಳು. ಒಳಗೆ ಹೋದರೆ ಕೂಸು ಮಲಗಿತ್ತು, ಪಕ್ಕದಲ್ಲಿ ಹಾವು ಸತ್ತುಬಿದ್ದಿತ್ತು. ಕಣ್ಣಾರೆ ಕಂಡರೂ ಪ್ರಮಾಣಿಸಿ ನೋಡಬೇಕು.’

ಇದರಲ್ಲಿ ‘ಒಳಗೆ ಹೋಗಿ ನೋಡದೆ’ ಎಂಬ ಮೂರು ಪದಗಳನ್ನು ತೆಗೆದರೆ ನೀತಿ ಮತ್ತೆ ಸಡಿಲವಾಗುತ್ತದೆ. ಕೂಸು ದೂರದ ಊರಿನಲ್ಲಿದ್ದು, ನೋಡಲು ದಾರಿಯೇ ಇರದಿದ್ದರೆ, ಪ್ರಮಾಣಿಸಿ ನೋಡಲಿಲ್ಲ ಎಂದು ಅವಳನ್ನು ಯಾರೂ ಆಡಿಕೊಳ್ಳುತ್ತಿರಲಿಲ್ಲ. ನಂಬಿಕೆ ಇರಲಿಲ್ಲ ಎಂಬ ಮಾತನ್ನು ಉಳಿಸಿದ್ದಕ್ಕೂ ಕಾರಣವಿದೆ. ಮೊದಲೇ ಅನುಮಾನ ಕೂತಿದ್ದರಿಂದಲೇ ರಕ್ತ ಅವಳಿಗೆ ಬೇರೆ ಅರ್ಥ ಕೊಡಲಿಲ್ಲ. ಆ ಹುಡುಗಿ ಬರೆದಿದ್ದ ‘ಪ್ರೀತಿಯಿಂದ’ ಎಂಬ ಒಂದು ಪದ ಕಥೆಯನ್ನು ನಿಯತ್ತು ಮತ್ತು ಕೃತಘ್ನತೆಯ ಕಡೆಗೆ ಎಳೆದಿತ್ತು.

ಹಾವಿನ ಸಂಗತಿಯನ್ನು ಕೊನೆಯವರೆಗೆ ಬಚ್ಚಿಟ್ಟರೆ ಓದುವವನೂ ತಾಯಿಯ ಹಾಗೆಯೇ ಮೋಸಹೋಗುತ್ತಾನೆ, ನೀತಿ ಇನ್ನೂ ಗಟ್ಟಿಯಾಗಿ ತಟ್ಟುತ್ತದೆ ಎಂದು ನನ್ನ ಸಹೋದ್ಯೋಗಿಯೊಬ್ಬರ ವಾದ. ಮಾತು ನಿಜವೇ. ಆದರೆ ನಮ್ಮ ಅಜ್ಜಿಯರು ಹಾವನ್ನು ಮೊದಲೇ ತರುತ್ತಾರೆ, ಕೇಳುವವರಿಗೆ ಎಲ್ಲ ಗೊತ್ತಿದ್ದು ತಾಯಿಗೆ ಮಾತ್ರ ಗೊತ್ತಿಲ್ಲದಿರುವ ಸಂಕಟವೇ ಅವರಿಗೆ ಬೇಕು. ಸಾರಾಂಶ ಬರೆಯುವವನು ಆ ಅನುಕ್ರಮವನ್ನು ಬದಲಿಸಿದರೆ ಅದು ಅವನದೇ ಕಥೆಯಾಗುತ್ತದೆ. ಗೋಡೆ ಪತ್ರಿಕೆಯಲ್ಲಿ ಕೆಳಗೆ ಇರುವುದು ಅಜ್ಜಿಯ ಹೆಸರಾದ್ದರಿಂದ ನಾನು ಒಪ್ಪಲಿಲ್ಲ.

ಗಂಡನನ್ನು ಯಾಕೆ ಬಿಟ್ಟಿರಿ ಎಂದು ಕೇಳಬಹುದು. ಇದೇ ಕಥೆ ಸಂಸ್ಕೃತ ಪಂಚತಂತ್ರದ ಐದನೆಯ ತಂತ್ರದಲ್ಲಿದೆ. ಆ ತಂತ್ರದ ಹೆಸರೇ ಅಪರೀಕ್ಷಿತಕಾರಕ, ಅಂದರೆ ಪರೀಕ್ಷಿಸದೆ ಮಾಡಿದ ಕೆಲಸ. ಕಥೆಯ ಮೊದಲಿಗೆ ಬರುವ ಶ್ಲೋಕವೂ ಅದನ್ನೇ ಹೇಳುತ್ತದೆ, ಪರೀಕ್ಷಿಸದೆ ಮಾಡಿದರೆ ಮುಂಗುಸಿಯ ವಿಷಯದಲ್ಲಿ ಬ್ರಾಹ್ಮಣಿಗೆ ಆದಂತೆ ಆಮೇಲೆ ಸಂತಾಪವಾಗುತ್ತದೆ ಎಂದು. ಆದರೆ ಅಲ್ಲಿ ಕಥೆ ಮುಗಿಯುವಾಗ ಆ ಹೆಂಡತಿ, ಭಿಕ್ಷೆಗೆ ಹೋಗಿ ಮರಳಿದ ಗಂಡನನ್ನು ಬೈಯುತ್ತಾಳೆ: ಲೋಭಕ್ಕೆ ಬಿದ್ದು ನನ್ನ ಮಾತು ಕೇಳದೆ ಹೋದೆ, ಅದರ ಫಲವನ್ನು ಉಣ್ಣು ಎಂದು. ಮುಂದಿನ ಕಥೆಯು ಅತಿಲೋಭದ ಮಾತನ್ನೇ ಹಿಡಿದು ಶುರುವಾಗುತ್ತದೆ. ಒಂದೇ ಕಥೆಗೆ ಮೊದಲಿಗೊಂದು ನೀತಿ, ಕೊನೆಗೊಂದು ನೀತಿ. ಮೊದಲನೆಯದನ್ನು ಉಳಿಸುವವರು ಗಂಡನನ್ನು ಧಾರಾಳವಾಗಿ ಬಿಡಬಹುದು. ಎರಡನೆಯದನ್ನು ಉಳಿಸುವವರು ಗಂಡನಿಗೆ ಕೂಸನ್ನು ಒಪ್ಪಿಸಿದ್ದು, ಅವನು ಭಿಕ್ಷೆಯ ಆಸೆಗೆ ಮನೆ ಬಿಟ್ಟು ಹೋದದ್ದು, ಇವೆರಡನ್ನೂ ಹೇಳಲೇಬೇಕು. ಹಿತೋಪದೇಶದಲ್ಲಂತೂ ಮುಂಗುಸಿಯನ್ನು ಕೊಲ್ಲುವವನು ಬ್ರಾಹ್ಮಣನೇ. ಕೊಂದವರು ಗಂಡೋ ಹೆಣ್ಣೋ ಎಂಬುದು ಬದಲಾದರೂ ಪರೀಕ್ಷೆಯ ನೀತಿಗೆ ಏನೂ ಧಕ್ಕೆ ಬರುವುದಿಲ್ಲ. ಆದರೂ ಸಾರಾಂಶದಲ್ಲಿ ಅದನ್ನು ಬದಲಿಸುವ ಅಧಿಕಾರ ನಮಗಿಲ್ಲ.

ನೀತಿ ಕಳಚಿಕೊಂಡರೆ ಇದೇ ಕಥೆ ಎಲ್ಲಿಗೆ ಹೋಗಬಲ್ಲದು ಎಂಬುದಕ್ಕೆ ಫ್ರಾನ್ಸ್‌ನಲ್ಲಿ ಒಂದು ಸೋಜಿಗದ ಉದಾಹರಣೆ ಇದೆ. ಅಲ್ಲಿ ಮುಂಗುಸಿಯ ಬದಲು ಬೇಟೆನಾಯಿ. ಹಾವು, ತೊಟ್ಟಿಲು, ರಕ್ತ, ಅವಸರದ ಕೊಲೆ ಎಲ್ಲವೂ ಇದೆ. ಲಿಯೋನ್ ಪ್ರಾಂತ್ಯದ ಹಳ್ಳಿಗರು ಗಿನಿಫೋರ್ ಎಂಬ ಹೆಸರಿನ ಆ ನಾಯಿಯನ್ನು ಸಂತನೆಂದೇ ನಂಬಿ, ಅದನ್ನು ಹೂಳಿದ ಜಾಗಕ್ಕೆ ಕಾಯಿಲೆಯ ಮಕ್ಕಳನ್ನು ಹೊತ್ತು ತರುತ್ತಿದ್ದರೆಂದು 13ನೆಯ ಶತಮಾನದ ಕ್ರೈಸ್ತ ಸನ್ಯಾಸಿಯೊಬ್ಬರು ಬರೆದಿಟ್ಟಿದ್ದಾರೆ. ಆ ಭಕ್ತರಿಗೆ ಮುಖ್ಯವಾದದ್ದು ಕೂಸನ್ನು ಕಾಯ್ದ ನಾಯಿ. ಪರೀಕ್ಷಿಸದೆ ಕೊಂದ ಒಡೆಯನ ತಪ್ಪು ಅವರಿಗೆ ಬೇಕಾಗಿರಲಿಲ್ಲ. ನಮ್ಮ ಮಕ್ಕಳು ‘ಪ್ರಾಣಿಗಳಿಗೆ ನಿಯತ್ತು ಜಾಸ್ತಿ’ ಎಂದಾಗ ಅವರೂ ಅದೇ ದಾರಿಯಲ್ಲಿ ಒಂದು ಹೆಜ್ಜೆ ಇಟ್ಟಿರುತ್ತಾರೆ.

ಇನ್ನು ನೀತಿಯನ್ನು ಒಪ್ಪದವರ ಮಾತು. ಹೆತ್ತ ಹೊಟ್ಟೆಯ ಗಾಬರಿಯಲ್ಲಿ ಯಾವ ತಾಯಿ ತಾನೇ ಪ್ರಮಾಣಿಸಿ ನೋಡುತ್ತಾಳೆ, ಅವಳಿಗೆ ಬುದ್ಧಿ ಹೇಳುವುದು ಕ್ರೌರ್ಯವಲ್ಲವೇ ಎಂದು ಒಬ್ಬ ಶಿಕ್ಷಕಿ ಕೇಳಿದರು. ನನಗೂ ಈ ಮಾತಿನಲ್ಲಿ ಅರ್ಧ ಸಮ್ಮತಿ ಇದೆ. ಆದರೆ ಅವರು ಸೂಚಿಸಿದಂತೆ ಕೊನೆಯ ಸಾಲನ್ನು ‘ಗಾಬರಿಯಲ್ಲಿ ಎಂಥವರೂ ತಪ್ಪು ಮಾಡುತ್ತಾರೆ’ ಎಂದು ಬದಲಿಸಲು ಬರುವುದಿಲ್ಲ, ಯಾಕೆಂದರೆ ಅದು ಕಥೆ ಹೇಳಿದವರ ಮಾತಲ್ಲ. ಹಾಗೆ ಅನ್ನಿಸಿದವರು ಸಾರಾಂಶದ ಕೆಳಗೆ ಗೆರೆ ಎಳೆದು, ತಮ್ಮ ಹೆಸರು ಹಾಕಿ, ಇದು ನನ್ನ ಅಭಿಪ್ರಾಯ ಎಂದು ಬರೆಯಬಹುದು. ಈ ಸಲದ ಪತ್ರಿಕೆಯಲ್ಲಿ ಆ ಶಿಕ್ಷಕಿ ಹಾಗೆಯೇ ಬರೆದಿದ್ದಾರೆ. ಅದನ್ನು ಓದಿದ ಎಂಟನೆಯ ತರಗತಿಯ ಹುಡುಗರು ತಾಯಿಯ ಪರವಾಗಿ ಕೆಲವರು, ಮುಂಗುಸಿಯ ಪರವಾಗಿ ಕೆಲವರು ನಿಂತು ಜಗಳ ಮಾಡುತ್ತಿದ್ದಾರೆ.

ಹೇಳಿದವರು ನೀತಿಯನ್ನೇ ಹೇಳದಿದ್ದರೆ ಏನು ಮಾಡಬೇಕು ಎಂದೂ ಕೇಳುತ್ತಾರೆ. ಕಾಗಕ್ಕ ಗುಬ್ಬಕ್ಕನ ಕಥೆಯನ್ನು ಅನೇಕ ಅಜ್ಜಿಯರು ನೀತಿ ಹೇಳದೆ ನಗುತ್ತಲೇ ಮುಗಿಸುತ್ತಾರೆ. ಅಂಥ ಕಥೆಯ ಹಾಳೆಯಲ್ಲಿ ನೀತಿಯ ಜಾಗವನ್ನು ಖಾಲಿ ಬಿಡಲು ಹೇಳಿದ್ದೇನೆ. ಮಕ್ಕಳು ಅಲ್ಲಿ ಗುಬ್ಬಿಯ ಚಿತ್ರ ಬರೆದು ತುಂಬಿಸುತ್ತಾರೆ, ಅದಕ್ಕೆ ನನ್ನ ತಕರಾರಿಲ್ಲ.