ಗೋಬೆಕ್ಲಿ ತೆಪೆ: ಗುಡಿ ಮೊದಲೋ, ಹೊಲ ಮೊದಲೋ?

ಶಾಲೆಯ ಇತಿಹಾಸದಲ್ಲಿ ನಾವೆಲ್ಲ ಓದಿದ ಕ್ರಮ ಹೀಗಿತ್ತು: ಮನುಷ್ಯ ಮೊದಲು ಬೇಟೆಯಾಡುತ್ತ, ಗೆಡ್ಡೆಗೆಣಸು ಆಯುತ್ತ ಅಲೆದ, ಆಮೇಲೆ ಬಿತ್ತಿ ಬೆಳೆಯಲು ಕಲಿತು ಒಂದೆಡೆ ನೆಲೆನಿಂತ, ಕಣಜ ತುಂಬಿದ ಮೇಲೆ ಕೆಲವರಿಗೆ ಬಿಡುವು ಸಿಕ್ಕಿ ಶಿಲ್ಪಿಗಳು, ಪೂಜಾರಿಗಳು, ಗುಡಿಗಳು ಹುಟ್ಟಿಕೊಂಡವು. 1930ರ ದಶಕದಲ್ಲಿ ಪುರಾತತ್ತ್ವಜ್ಞ ಗಾರ್ಡನ್ ಚೈಲ್ಡ್ 'ನವಶಿಲಾಯುಗದ ಕ್ರಾಂತಿ' ಎಂಬ ಹೆಸರಿನಲ್ಲಿ ಮುಂದಿಟ್ಟ ವಾದದ ಸರಳ ರೂಪವಿದು. ಈ ಕ್ರಮವನ್ನು ಅಲ್ಲಾಡಿಸಿದ್ದು ಆಗ್ನೇಯ ಟರ್ಕಿಯ ಶಾನ್ಲಿಉರ್ಫಾ ನಗರದ ಸಮೀಪದಲ್ಲಿರುವ ಗೋಬೆಕ್ಲಿ ತೆಪೆ ಎಂಬ ದಿಬ್ಬ. ಆದರೆ ಅದು ಅಲ್ಲಾಡಿಸಿದ್ದು ಏನನ್ನು ಎಂಬುದರ ಬಗ್ಗೆ ಜನಪ್ರಿಯ ಬರಹಗಳು ಹೇಳುವುದಕ್ಕೂ ಈಚಿನ ಉತ್ಖನನಗಳು ತೋರಿಸುವುದಕ್ಕೂ ಸಾಕಷ್ಟು ಅಂತರವಿದೆ ಎಂಬುದು ನನ್ನ ಅಭಿಪ್ರಾಯ.

1963ರಲ್ಲಿಯೇ ಇಸ್ತಾಂಬುಲ್ ಮತ್ತು ಷಿಕಾಗೊ ವಿಶ್ವವಿದ್ಯಾಲಯಗಳ ಜಂಟಿ ಸಮೀಕ್ಷೆಯವರು ಈ ದಿಬ್ಬವನ್ನು ನೋಡಿದ್ದರು. ಚಕಮಕಿ ಕಲ್ಲಿನ ಚೂರುಗಳು ರಾಶಿರಾಶಿಯಾಗಿ ಬಿದ್ದಿದ್ದನ್ನು ಗುರುತಿಸಿದರೂ, ಮಣ್ಣಿನಿಂದ ಹೊರಚಾಚಿದ್ದ ಸುಣ್ಣಕಲ್ಲಿನ ಚಪ್ಪಡಿಗಳನ್ನು ಅವರು ಮಧ್ಯಯುಗದ ಗೋರಿಕಲ್ಲುಗಳೆಂದು ಭಾವಿಸಿ ಮುಂದೆ ಹೋದರು. 1994ರಲ್ಲಿ ಅಲ್ಲಿಗೆ ಬಂದ ಜರ್ಮನ್ ಪುರಾತತ್ತ್ವಜ್ಞ ಕ್ಲೌಸ್ ಶ್ಮಿಟ್ ಅವರಿಗೆ ಅವೇ ಚಪ್ಪಡಿಗಳು ಬೇರೆಯಾಗಿ ಕಂಡದ್ದಕ್ಕೆ ಕಾರಣವಿದೆ. ಅದೇ ಪ್ರಾಂತದ ನೆವಾಲಿ ಚೋರಿ ಎಂಬಲ್ಲಿ, ಆ ಜಾಗ ಅಣೆಕಟ್ಟಿನ ನೀರಿನಲ್ಲಿ ಮುಳುಗುವ ಮೊದಲು, ನಡೆದ ಉತ್ಖನನದಲ್ಲಿ ಅವರು ಕೆಲಸ ಮಾಡಿದ್ದರು. ಇಂಗ್ಲಿಷಿನ 'ಟಿ' ಅಕ್ಷರದ ಆಕಾರದ ಕಂಬಗಳನ್ನು ಅಲ್ಲಿ ಕಣ್ಣಾರೆ ಕಂಡಿದ್ದರು. ಮರುವರ್ಷವೇ ಅಗೆತ ಆರಂಭವಾಯಿತು.

ಮಣ್ಣಿನಡಿ ಸಿಕ್ಕಿದ್ದು ವೃತ್ತಾಕಾರದ, ಕೆಲವು 20 ಮೀಟರ್‌ವರೆಗೆ ಅಗಲವಿರುವ ಆವರಣಗಳು. ಸುತ್ತಲಿನ ಗೋಡೆಯಲ್ಲಿ ಹುದುಗಿಸಿ ನಿಲ್ಲಿಸಿದ ಕಂಬಗಳು, ನಡುವೆ ಅವುಗಳಿಗಿಂತ ಎತ್ತರದ ಜೋಡಿ ಕಂಬಗಳು. 'ಡಿ' ಎಂದು ಗುರುತಿಸಿರುವ ಆವರಣದ ಜೋಡಿ ಕಂಬಗಳು ಸುಮಾರು ಐದೂವರೆ ಮೀಟರ್ ಎತ್ತರವಿವೆ. ಅವುಗಳಲ್ಲಿ ಒಂದಾದ 18ನೇ ಕಂಬವನ್ನು ಹತ್ತಿರದಿಂದ ನೋಡಿದರೆ, ಕಂಬದ ಅಗಲವಾದ ಬದಿಯಲ್ಲಿ ಮೊಣಕೈ ಮಡಿಚಿದ ತೋಳು ಇಳಿದುಬಂದಿದೆ, ಬೆರಳುಗಳು ಮುಂಭಾಗದಲ್ಲಿ ಹೊಟ್ಟೆಯ ಬಳಿ ಸೇರಿವೆ, ಸೊಂಟಕ್ಕೆ ಪಟ್ಟಿಯಿದೆ, ಪಟ್ಟಿಯಿಂದ ನರಿಯ ಚರ್ಮದ ಲಂಗೋಟಿ ಇಳಿಬಿದ್ದಿದೆ. ಅಡ್ಡಲಾಗಿರುವ ಮೇಲ್ಭಾಗವೇ ತಲೆ. ಅದಕ್ಕೆ ಕಣ್ಣು, ಮೂಗು, ಬಾಯಿ ಯಾವುದೂ ಇಲ್ಲ. ಪೀಠವನ್ನು ತಳದ ಬಂಡೆಯಲ್ಲೇ ಕಡೆದು, ಅದರ ಮುಂಭಾಗದಲ್ಲಿ ಹಕ್ಕಿಗಳ ಸಾಲೊಂದನ್ನು ಕೆತ್ತಿದ್ದಾರೆ. ಲೋಹವಿಲ್ಲದ, ಮಡಕೆಯನ್ನೂ ಕಾಣದ ಜನ ಇಷ್ಟನ್ನೂ ಚಕಮಕಿ ಕಲ್ಲಿನ ಉಪಕರಣಗಳಿಂದ ಮಾಡಿದ್ದಾರೆ. ಅಲ್ಲಿನ ಸುಣ್ಣಕಲ್ಲು ಪದರ ಪದರವಾಗಿ ಮಲಗಿರುವುದರಿಂದ, ಪದರವೊಂದರ ಮೇಲೆ ಕಂಬದ ಆಕಾರಕ್ಕೆ ಸುತ್ತ ಕಾಲುವೆ ಕೊರೆದು ಅಡಿಯಿಂದ ಮೀಟಿದರೆ ಕಲ್ಲು ಬೇರ್ಪಡುತ್ತಿತ್ತು. ಬೇರ್ಪಡದೆ ಬಂಡೆಯಲ್ಲೇ ಉಳಿದುಹೋದ ಸುಮಾರು ಏಳು ಮೀಟರ್ ಉದ್ದದ ಕಂಬವೊಂದು ಇಂದಿಗೂ ಅಲ್ಲಿದೆ.

ಕಾಲನಿರ್ಣಯ ಅಷ್ಟು ಸುಲಭವಿರಲಿಲ್ಲ. ಕಲ್ಲಿಗೆ ಇಂಗಾಲದ ಪರೀಕ್ಷೆ ಮಾಡಲಾಗದು. ಆವರಣವನ್ನು ತುಂಬಿದ್ದ ಮಣ್ಣಿನಲ್ಲಿ ಸಿಕ್ಕ ಮೂಳೆ, ಇದ್ದಿಲುಗಳು ಎಲ್ಲಿಂದಲೋ ಬಂದು ಬಿದ್ದಿರಬಹುದು. ಆದ್ದರಿಂದ ಆವರಣದ ಗೋಡೆಗೆ ಮೆತ್ತಿದ್ದ ಮಣ್ಣಿನ ಗಾರೆಯಲ್ಲಿದ್ದ ಸಾವಯವ ಅಂಶವನ್ನೇ ಪರೀಕ್ಷಿಸಿದರು. ಅದು ಕೊಟ್ಟ ಕಾಲ ಕ್ರಿಸ್ತಪೂರ್ವ 9500ರ ಆಸುಪಾಸು, ಎಂದರೆ ಇಂಗ್ಲೆಂಡಿನ ಸ್ಟೋನ್‌ಹೆಂಜ್‌ಗಿಂತ ಆರು ಸಾವಿರಕ್ಕೂ ಹೆಚ್ಚು ವರ್ಷ ಹಿಂದೆ. ಅಗೆತದಲ್ಲಿ ಸಿಕ್ಕ ಅಪಾರ ಮೂಳೆಗಳೆಲ್ಲ ಹುಲ್ಲೆ, ಕಾಡುದನ, ಕಾಡುಕತ್ತೆಯಂತಹ ಕಾಡುಪ್ರಾಣಿಗಳವು. ಧಾನ್ಯವೂ ಕಾಡಿನದೇ. ಕಾಡುಗೋಧಿಯ ತೆನೆ ಮಾಗಿದೊಡನೆ ತಾನಾಗಿ ಉದುರುವುದರಿಂದ ಕಾಳು ಕಳಚಿದ ಜಾಗ ನುಣುಪಾಗಿರುತ್ತದೆ, ಸಾಗುವಳಿಗೆ ಒಗ್ಗಿದ ಗೋಧಿಯ ತೆನೆಯನ್ನು ಬಡಿದು ಬಿಡಿಸಬೇಕಾದ್ದರಿಂದ ಅಲ್ಲಿ ಹರಿದ ಗುರುತು ಉಳಿಯುತ್ತದೆ. ಸಸ್ಯಾವಶೇಷಗಳನ್ನು ಓದುವವರು ಇವೆರಡನ್ನು ಪ್ರತ್ಯೇಕಿಸುವುದು ಹೀಗೆ.

ಇಲ್ಲಿಂದ ಶ್ಮಿಟ್ ಅವರ ಪ್ರಸಿದ್ಧ ವಾದ ಹೊರಟಿತು. ಅವರ ಪ್ರಕಾರ ಇದು ಯಾರೂ ವಾಸವಿರದ ಬೆಟ್ಟದ ಮೇಲಿನ ದೇವಾಲಯ. ದೂರದೂರದ ಬೇಟೆಗಾರ ಗುಂಪುಗಳು ಇಲ್ಲಿ ಸೇರಿ, ಕಂಬಗಳನ್ನು ನಿಲ್ಲಿಸಿ, ಔತಣ ಮಾಡಿ, ಕೊನೆಗೆ ಆವರಣಗಳನ್ನು ತಾವೇ ಉದ್ದೇಶಪೂರ್ವಕವಾಗಿ ಮುಚ್ಚಿ ಹೋಗುತ್ತಿದ್ದರು. ಅಷ್ಟು ಜನರ ಹೊಟ್ಟೆ ತುಂಬಿಸುವ ಒತ್ತಡದಿಂದಲೇ ಬೇಸಾಯ ಹುಟ್ಟಿತು. ಈ ವಾದಕ್ಕೆ ಒಂದು ಬಲವಾದ ಆಸರೆಯೂ ಇತ್ತು. ಒಂಟಿಕಾಳಿನ ಐನ್‌ಕಾರ್ನ್ ಗೋಧಿಯ ತಳಿಗಳ ಡಿಎನ್ಎ ಹೋಲಿಸಿದ 1997ರ ಅಧ್ಯಯನವೊಂದು, ಸಾಗುವಳಿಯ ಗೋಧಿಗೆ ಅತ್ಯಂತ ಹತ್ತಿರದ ಕಾಡುತಳಿ ಇದೇ ಸೀಮೆಯ ಕರಾಜದಾಗ್ ಬೆಟ್ಟಗಳಲ್ಲಿದೆ ಎಂದು ತೋರಿಸಿತ್ತು. ಗುಡಿ ಮೊದಲು, ಹೊಲ ಆಮೇಲೆ ಎಂಬ ಮಾತು ಜಗತ್ತಿನಾದ್ಯಂತ ಹರಡಿತು. ನಮ್ಮ ವಾಟ್ಸಾಪ್ ಗುಂಪುಗಳಿಗೂ ಅದು 'ಹನ್ನೆರಡು ಸಾವಿರ ವರ್ಷದ ದೇವಸ್ಥಾನ'ವಾಗಿ ಬಂದು ತಲುಪಿದೆ, ಜೊತೆಗೆ ಧೂಮಕೇತು, ನಕ್ಷತ್ರಪಟಗಳ ಕಥೆಗಳನ್ನೂ ಹೊತ್ತುಕೊಂಡು.

ಈ ವಾದ ಎಷ್ಟರಮಟ್ಟಿಗೆ ಆವರಣವನ್ನು ತುಂಬಿದ್ದ ಮಣ್ಣಿನ ಮೇಲೆ ನಿಂತಿತ್ತು ಎಂಬುದನ್ನು ಗಮನಿಸಬೇಕು. ಮಣ್ಣನ್ನು ಜನರೇ ತುಂಬಿದ್ದರೆ, ಅದರಲ್ಲಿದ್ದ ಮೂಳೆಗಳನ್ನು ಔತಣದ ಉಳಿಕೆ ಎನ್ನಬಹುದು. ಆದರೆ 2014ರಲ್ಲಿ ಶ್ಮಿಟ್ ತೀರಿಕೊಂಡ ನಂತರ, ಆವರಣಗಳ ಮೇಲೆ ಕಾಯಂ ಚಾವಣಿ ನಿಲ್ಲಿಸಲು ತಳದ ಬಂಡೆಯವರೆಗೆ ಆಳವಾಗಿ ಅಗೆದಾಗ ಚಿತ್ರ ಬದಲಾಯಿತು. ಲೀ ಕ್ಲೇರ್ ಅವರ ತಂಡ ಆರಂಭದ ಪದರಗಳಲ್ಲೇ ವಾಸದ ಮನೆಗಳ ಕುರುಹು ಕಂಡಿತು. ಬಂಡೆಯಲ್ಲಿ ಕೊರೆದ ಮಳೆನೀರಿನ ತೊಟ್ಟಿಗಳೂ ಲೆಕ್ಕಕ್ಕೆ ಬಂದವು. ದೊಡ್ಡ ಆವರಣಗಳು ತಗ್ಗಿನಲ್ಲಿದ್ದವು, ಮನೆಗಳು ಇಳಿಜಾರಿನ ಮೇಲಿದ್ದವು. ಇಳಿಜಾರು ಕುಸಿದು ಮಣ್ಣು, ಕಲ್ಲು, ಮೂಳೆಗಳು ಆವರಣಗಳೊಳಕ್ಕೆ ನುಗ್ಗಿದವು ಎಂಬುದು ಈಗಿನ ಉತ್ಖನನಕಾರರ ನಿಲುವು. ಹಾಗಿದ್ದಲ್ಲಿ ಔತಣದ ಎಂಜಲೆಂದು ನಾವು ನಂಬಿದ್ದರಲ್ಲಿ ಒಂದಷ್ಟು, ದಿನನಿತ್ಯದ ಅಡುಗೆಮನೆಯ ಕಸವೇ ಇರಬೇಕು. ಇದನ್ನು ಬರೀ ಗುಡಿಯೆನ್ನಲು ಆಧಾರ ಸಾಲದೆಂದು 2011ರಲ್ಲಿಯೇ ಪುರಾತತ್ತ್ವಜ್ಞ ಟೆಡ್ ಬ್ಯಾನಿಂಗ್ ವಾದಿಸಿದ್ದರು. ಆಗ ಅದಕ್ಕೆ ಸಿಕ್ಕ ಪ್ರಚಾರ ಕಡಿಮೆ.

ನನ್ನನ್ನು ಹೆಚ್ಚು ಒಪ್ಪಿಸಿದ್ದು ಕಂಬಗಳಲ್ಲ, ಬೀಸುವ ಕಲ್ಲುಗಳು. ಲೌರಾ ಡೀಟ್ರಿಚ್ ಮತ್ತು ಸಂಗಡಿಗರು ಅಲ್ಲಿ ಸಿಕ್ಕ ಏಳು ಸಾವಿರಕ್ಕೂ ಹೆಚ್ಚು ಅರೆಯುವ, ಕುಟ್ಟುವ ಕಲ್ಲುಗಳನ್ನು ಪರಿಶೀಲಿಸಿದರು. ಅಂಥದ್ದೇ ಕಲ್ಲುಗಳನ್ನು ಹೊಸದಾಗಿ ಮಾಡಿ, ಅವುಗಳಲ್ಲಿ ಧಾನ್ಯ ಅರೆದು, ಸವೆತದ ಗುರುತುಗಳನ್ನು ಸೂಕ್ಷ್ಮದರ್ಶಕದಲ್ಲಿ ಹಳೆಯವುಗಳೊಂದಿಗೆ ಹೋಲಿಸಿದರು. ಹಿಟ್ಟಿಗಿಂತ ಹೆಚ್ಚಾಗಿ ನುಚ್ಚು ಮಾಡಿಕೊಂಡು ಗಂಜಿಯಂತೆ ಬೇಯಿಸಿ ತಿನ್ನುತ್ತಿದ್ದರೆಂಬುದು ಅವರ ತೀರ್ಮಾನ. ಆ ಧಾನ್ಯವನ್ನು ಬಿತ್ತಿದವರಿಲ್ಲ. ಬೆಟ್ಟದ ಸುತ್ತ ತಾನಾಗಿ ಬೆಳೆದದ್ದನ್ನು ಕೊಯ್ದು ತಂದವರಿದ್ದರು. ಕಾಡಿನ ಫಸಲೇ ಅಷ್ಟು ಸಿಗುವ ಕಡೆ ನೆಲೆನಿಲ್ಲಲು ಉಳುಮೆ ಬೇಕಾಗಲಿಲ್ಲ.

ಆದ್ದರಿಂದ ಹಳೆಯ ಸಾಲನ್ನು ತಿರುವಿಹಾಕಿ ಗುಡಿಯನ್ನು ಮುಂದೆ, ಹೊಲವನ್ನು ಹಿಂದೆ ನಿಲ್ಲಿಸುವುದು ನನಗೆ ಅಷ್ಟೇ ಅಸಮರ್ಪಕವಾಗಿ ಕಾಣುತ್ತದೆ. ಗೋಬೆಕ್ಲಿ ತೆಪೆ ನಿಜವಾಗಿ ಮುರಿದದ್ದು, ಬೇಸಾಯದ ಹೆಚ್ಚುವರಿ ಇಲ್ಲದೆ ದೊಡ್ಡ ಕಟ್ಟಡ, ಸಂಘಟಿತ ದುಡಿಮೆ, ನೆಲೆನಿಂತ ಬದುಕು ಸಾಧ್ಯವಿಲ್ಲ ಎಂಬ ನಂಬಿಕೆಯನ್ನು. ಆಚರಣೆಯ ಜಾಗ ಮತ್ತು ವಾಸದ ಜಾಗ ಬೇರೆ ಬೇರೆ ಇದ್ದವೆಂಬುದನ್ನು ಅದು ಸಾಬೀತು ಮಾಡಿಲ್ಲ. ನೆಜ್ಮಿ ಕರುಲ್ ಅವರ ನೇತೃತ್ವದಲ್ಲಿ 2019ರಿಂದ ಅಗೆಯಲಾಗುತ್ತಿರುವ ಅದೇ ಪ್ರಾಂತದ ಕರಹಾನ್ ತೆಪೆಯಲ್ಲಿಯೂ ಕಂಬಗಳ ಕಟ್ಟಡಗಳ ಜೊತೆಗೆ ವಾಸದ ಮನೆಗಳು ಸಿಗುತ್ತಿವೆ. ಗೋಬೆಕ್ಲಿ ತೆಪೆಯ ಹೆಚ್ಚಿನ ಭಾಗ ಇನ್ನೂ ಮಣ್ಣಿನಡಿಯೇ ಇದೆ, ಮತ್ತು ಇನ್ನು ಮುಂದೆ ಅಲ್ಲಿ ತುರ್ತಾಗಿ ಹುಡುಕಬೇಕಾದದ್ದು ಮತ್ತೊಂದು ಕೆತ್ತನೆಯ ಕಂಬಕ್ಕಿಂತ ಮನೆಗಳ ಒಲೆ, ನೆಲ ಮತ್ತು ಸುಟ್ಟ ಕಾಳುಗಳನ್ನು ಎಂದು ನಾನು ಭಾವಿಸುತ್ತೇನೆ.